ಡಬ್ಬದ ಮೇಲಿನ 24 ಗ್ರಾಂ

ಕಳೆದ ದೀಪಾವಳಿಗೆ ದಾವಣಗೆರೆಯ ಅಕ್ಕನ ಮನೆಗೆ ಹೋಗಿದ್ದೆ. ಅಡುಗೆಮನೆಯ ಕಟ್ಟೆಯ ಮೇಲೆ ತೊಗರಿಬೇಳೆ ಡಬ್ಬದ ಪಕ್ಕದಲ್ಲೇ ಒಂದು ದೊಡ್ಡ ಕಪ್ಪು ಡಬ್ಬ ಕೂತಿತ್ತು. ಚಾಕೊಲೇಟ್ ರುಚಿಯ ಪ್ರೋಟೀನ್ ಪೌಡರ್, ಒಂದು ಕೆಜಿ, 2,400 ರೂಪಾಯಿ. ಅಕ್ಕನ ಮಗ ಆರು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದಾನೆ. "ಮಾಮ, ನೀವು ಹಾಲಿನ ಲ್ಯಾಬಲ್ಲಿ ಕೆಲಸ ಮಾಡಿದೋರಲ್ವಾ? ಇದು ಒಳ್ಳೇದಾ ಅಂತ ನೋಡಿ ಹೇಳಿ" ಅಂದ. ಅವನ ಪಾಕೆಟ್ ಮನಿಯೆಲ್ಲ ಆ ಡಬ್ಬದೊಳಗೆ ಹೋಗಿತ್ತು. ಹಾಗಾಗಿ ಪಕ್ಕಕ್ಕೆ ಕೂರಿಸಿಕೊಂಡು ಲೇಬಲ್ಲನ್ನು ಸಾಲು ಸಾಲಾಗಿ ಓದಿದೆವು.

ಡಬ್ಬದ ಮುಂದೆ ದಪ್ಪ ಅಕ್ಷರದಲ್ಲಿ "24 ಗ್ರಾಂ ಪ್ರೋಟೀನ್" ಅಂತ ಇತ್ತು. ಎಲ್ಲರೂ ಓದುವುದು ಇದನ್ನೇ. ಆದರೆ ಎಷ್ಟು ಪುಡಿಯಲ್ಲಿ 24 ಗ್ರಾಂ ಅನ್ನುವುದು ಹಿಂಭಾಗದಲ್ಲಿ ಸಣ್ಣದಾಗಿ ಇರುತ್ತದೆ. ಇವನ ಡಬ್ಬದಲ್ಲಿ ಒಂದು ಸ್ಕೂಪ್ ಅಂದರೆ 36 ಗ್ರಾಂ. 24ನ್ನು 36ರಿಂದ ಭಾಗಿಸಿದರೆ ಸುಮಾರು 67 ಶೇಕಡಾ. ಅಂದರೆ 100 ಗ್ರಾಂ ಪುಡಿಯಲ್ಲಿ 67 ಗ್ರಾಂ ಪ್ರೋಟೀನ್ ಇದೆ ಅಂತ ಕಂಪನಿಯೇ ಹೇಳುತ್ತಿದೆ. ಈ ಪೌಡರ್ ಮಾಡುವುದು ವೇ, ಅಂದರೆ ಹಾಲು ಒಡೆದಾಗ ಬೇರೆಯಾಗುವ ತಿಳಿನೀರಿನ ಪ್ರೋಟೀನಿನಿಂದ. ವೇ ಕಾನ್ಸಂಟ್ರೇಟ್ ಅಂತ ಮಾರುವ ಕಚ್ಚಾ ಪುಡಿಯಲ್ಲಿ ಸಾಮಾನ್ಯವಾಗಿ 80 ಶೇಕಡಾ, ಇನ್ನಷ್ಟು ಶುದ್ಧ ಮಾಡಿದ ಐಸೊಲೇಟ್‌ನಲ್ಲಿ 90ರ ಆಸುಪಾಸು ಪ್ರೋಟೀನ್ ಇರುತ್ತದೆ. ಕೋಕೋ, ಸಿಹಿ, ಗಟ್ಟಿಗೊಳಿಸುವ ಪುಡಿ ಸೇರಿದಾಗ ಸ್ವಲ್ಪ ಇಳಿಯುವುದು ಸಹಜ. 67ಕ್ಕೆ ಇಳಿದಿದೆ ಅಂದರೆ ಬೇರೆ ಏನೋ ಜಾಸ್ತಿಯೇ ಸೇರಿದೆ.

ಅವನ ಸ್ಕೂಪನ್ನೂ ತೂಗಿ ನೋಡಿದೆವು. ಅಕ್ಕ ಕೇಕ್ ಮಾಡಲು ಇಟ್ಟುಕೊಂಡಿದ್ದ ಚಿಕ್ಕ ಡಿಜಿಟಲ್ ತಕ್ಕಡಿ ಇತ್ತು. ಅಂಚಿಗೆ ಸಮನಾಗಿ ತುಂಬಿದ ಸ್ಕೂಪ್ ಮೂರು ಸಲವೂ 31 ಗ್ರಾಂ ಆಸುಪಾಸೇ ತೂಗಿತು. 36 ಬರಬೇಕಾದರೆ ಗುಪ್ಪೆ ಹಾಕಬೇಕು. ಅಂದರೆ ಲೇಬಲ್ ನಿಜವೇ ಅಂದುಕೊಂಡರೂ ಅವನಿಗೆ ದಿನಾ ಸಿಗುತ್ತಿದ್ದದ್ದು 21 ಗ್ರಾಂ ಮಾತ್ರ. ಇಷ್ಟು ಪರೀಕ್ಷೆಗೆ ಲ್ಯಾಬ್ ಬೇಡ, ಮನೆಯ ತಕ್ಕಡಿ ಸಾಕು.

ಆಮೇಲೆ ಮುಖ್ಯ ಪ್ರಶ್ನೆ ಬಂತು. ಆ 24 ನಿಜಾನಾ?

ಇದಕ್ಕೆ ಉತ್ತರ ಬೇಕಾದರೆ ಲ್ಯಾಬಿನಲ್ಲಿ ಪ್ರೋಟೀನನ್ನು ಹೇಗೆ ಅಳೆಯುತ್ತಾರೆ ಅಂತ ಗೊತ್ತಿರಬೇಕು. ನಾವು ದಿನಾ ಮಾಡುತ್ತಿದ್ದ ವಿಧಾನಕ್ಕೆ ಕೆಲ್ಡಾಲ್ ವಿಧಾನ ಅಂತ ಹೆಸರು. ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ಕಂಡುಹಿಡಿದದ್ದು. ಒಂದು ಗ್ರಾಂನಷ್ಟು ಪುಡಿಯನ್ನು ಗಾಜಿನ ಕೊಳವೆಗೆ ಹಾಕಿ, ಗಾಢ ಗಂಧಕಾಮ್ಲ ಸುರಿದು, ಸ್ವಲ್ಪ ತಾಮ್ರದ ಲವಣ ಸೇರಿಸಿ, 400 ಡಿಗ್ರಿ ಹತ್ತಿರ ಬಿಸಿ ಮಾಡುತ್ತೇವೆ. ಮೊದಲು ಎಲ್ಲ ಕರ್ರಗೆ ಡಾಂಬರಿನ ಹಾಗೆ ಆಗುತ್ತದೆ, ಬಿಳಿ ಹೊಗೆ ಏಳುತ್ತದೆ. ಗಂಟೆಗಟ್ಟಲೆ ಕಾದ ಮೇಲೆ ಕಪ್ಪು ಹೋಗಿ ತಿಳಿ ಹಸಿರು ದ್ರವ ಉಳಿಯುತ್ತದೆ. ಆಗ ಪುಡಿಯಲ್ಲಿದ್ದ ನೈಟ್ರೋಜನ್ ಎಲ್ಲ ಅಮೋನಿಯಂ ರೂಪಕ್ಕೆ ಬಂದಿರುತ್ತದೆ. ಕ್ಷಾರ ಸೇರಿಸಿ, ಅಮೋನಿಯಾವನ್ನು ಬಟ್ಟಿ ಇಳಿಸಿ, ಎಷ್ಟಿದೆ ಅಂತ ಅಳೆಯುತ್ತೇವೆ. ಪ್ರೋಟೀನಿನಲ್ಲಿ ಸರಾಸರಿ 16 ಶೇಕಡಾ ನೈಟ್ರೋಜನ್ ಇರುತ್ತದೆ. ಹಾಗಾಗಿ ಬಂದ ನೈಟ್ರೋಜನ್ ಅಳತೆಯನ್ನು 6.25ರಿಂದ ಗುಣಿಸಿದರೆ ಪ್ರೋಟೀನ್ ಎಷ್ಟು ಅಂತ ಸಿಕ್ಕಿತು ಎನ್ನುತ್ತೇವೆ. ಹಾಲಿನ ಪದಾರ್ಥಕ್ಕೆ 6.38 ಹಿಡಿಯುತ್ತಾರೆ. ಲೆಕ್ಕ ಸುಲಭವಾಗಲಿ ಅಂತ ಇಲ್ಲಿ 6.25ನ್ನೇ ಬಳಸುತ್ತೇನೆ.

ಗಮನಿಸಿ, ಯಂತ್ರ ಅಳೆದದ್ದು ನೈಟ್ರೋಜನ್ನನ್ನು. ಪ್ರೋಟೀನ್ ಅನ್ನುವುದು ನಾವು ಗುಣಿಸಿ ಹೇಳಿದ ಮಾತು. ಆ ನೈಟ್ರೋಜನ್ ಹಾಲಿನ ಪ್ರೋಟೀನಿನಿಂದಲೇ ಬಂತೋ, ಬೇರೆ ಯಾವುದರಿಂದಲೋ ಬಂತೋ ಅಂತ ಆ ಹಸಿರು ದ್ರವ ಹೇಳುವುದಿಲ್ಲ. 2008ರಲ್ಲಿ ಚೀನಾದಲ್ಲಿ ಆದದ್ದು ಇದೇ. ನೀರು ಬೆರೆಸಿದ ಹಾಲಿಗೆ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕ ಹಾಕಿದರು. ಅದರ ತೂಕದಲ್ಲಿ ಮೂರನೇ ಎರಡು ಭಾಗ ನೈಟ್ರೋಜನ್ನೇ. ಪರೀಕ್ಷೆಯಲ್ಲಿ ಹಾಲು ಪ್ರೋಟೀನ್ ತುಂಬಿದ ಹಾಗೆ ಕಂಡಿತು. ಸುಮಾರು 3 ಲಕ್ಷ ಹಸುಗೂಸುಗಳು ಕಾಯಿಲೆ ಬಿದ್ದವು, 6 ಕೂಸುಗಳು ಸತ್ತವು. ಆ ಸುದ್ದಿ ಬಂದ ಮೇಲೆ ನಮ್ಮ ಬೆಂಚಿನ ಮೇಲಿದ್ದ ಕೊಳವೆಗಳನ್ನು ನಾನು ಹಿಂದಿನ ಹಾಗೆ ನಂಬಿ ನೋಡಲು ಆಗಲೇ ಇಲ್ಲ.

ಪ್ರೋಟೀನ್ ಪೌಡರ್‌ಗೆ ಮೆಲಮೈನ್ ಹಾಕಬೇಕಾಗಿಲ್ಲ. ಪ್ರೋಟೀನ್ ಅನ್ನುವುದು ಅಮೈನೋ ಆಮ್ಲಗಳ ಸರಪಣಿ. ಗ್ಲೈಸಿನ್, ಟಾರಿನ್ ಥರದ ಅಗ್ಗದ ಬಿಡಿ ಅಮೈನೋ ಆಮ್ಲಗಳು ಸಾಕು. ಇವು ವಿಷವಲ್ಲ, ಮಾರುವುದು ತಪ್ಪೂ ಅಲ್ಲ. ಆದರೆ ಗ್ಲೈಸಿನ್‌ನಲ್ಲಿ ನೈಟ್ರೋಜನ್ 18.7 ಶೇಕಡಾ ಇದೆ. 6 ಗ್ರಾಂ ಗ್ಲೈಸಿನ್ ಸೇರಿಸಿದರೆ ಕೆಲ್ಡಾಲ್ ಲೆಕ್ಕದಲ್ಲಿ ಅದು 7 ಗ್ರಾಂ ಪ್ರೋಟೀನ್ ಅಂತ ತೋರುತ್ತದೆ. ಸ್ನಾಯು ಕಟ್ಟಲು ದೇಹಕ್ಕೆ ಒಂಬತ್ತು ಅಗತ್ಯ ಅಮೈನೋ ಆಮ್ಲಗಳು ಆಹಾರದಿಂದಲೇ ಬರಬೇಕು. ಗ್ಲೈಸಿನ್ ಆ ಒಂಬತ್ತರಲ್ಲಿ ಇಲ್ಲ, ಅದನ್ನು ದೇಹ ತಾನೇ ಮಾಡಿಕೊಳ್ಳುತ್ತದೆ. ಈ ವ್ಯವಹಾರದಲ್ಲಿರುವವರು ಇದನ್ನು ಅಮೈನೋ ಸ್ಪೈಕಿಂಗ್ ಅನ್ನುತ್ತಾರೆ.

ಅಕ್ಕನ ಮಗನ ಡಬ್ಬದ ಹಿಂದೆ ಅಮೈನೋ ಆಮ್ಲಗಳ ಪಟ್ಟಿ ಇತ್ತು. ಎಲ್ಲ ಡಬ್ಬದಲ್ಲೂ ಇರುವುದಿಲ್ಲ. ಇದ್ದರೆ ಎರಡು ಸಾಲು ಹುಡುಕಿ, ಲ್ಯೂಸಿನ್ ಮತ್ತು ಗ್ಲೈಸಿನ್. ಶುದ್ಧ ವೇ ಪ್ರೋಟೀನಿನಲ್ಲಿ ಲ್ಯೂಸಿನ್ ಸುಮಾರು 10ರಿಂದ 11 ಶೇಕಡಾ ಇರುತ್ತದೆ, ಗ್ಲೈಸಿನ್ 2 ಶೇಕಡಾ ಒಳಗೇ. 24 ಗ್ರಾಂ ನಿಜವಾದ ವೇ ಆಗಿದ್ದರೆ ಲ್ಯೂಸಿನ್ ಎರಡೂವರೆ ಗ್ರಾಂ ಹತ್ತಿರ, ಗ್ಲೈಸಿನ್ ಅರ್ಧ ಗ್ರಾಂ ಒಳಗೆ ಇರಬೇಕು. ಇವನ ಡಬ್ಬದಲ್ಲಿ ಲ್ಯೂಸಿನ್ 1.8 ಗ್ರಾಂ, ಗ್ಲೈಸಿನ್ 6.3 ಗ್ರಾಂ ಅಂತ ಬರೆದಿತ್ತು.

ಪೇಪರ್ ಮೇಲೆ ಲೆಕ್ಕ ಹಾಕಿದೆವು. 1.8 ಗ್ರಾಂ ಲ್ಯೂಸಿನ್ ಬರಲು ಬೇಕಾದ ವೇ ಪ್ರೋಟೀನ್ ಸುಮಾರು 17 ಗ್ರಾಂ. ಆ 17 ಗ್ರಾಂನಲ್ಲಿ ಸಹಜವಾಗಿ ಇರುವ ಗ್ಲೈಸಿನ್ 0.3 ಗ್ರಾಂ. ಉಳಿದ 6 ಗ್ರಾಂ ಹೊರಗಿನಿಂದ ಸೇರಿಸಿದ್ದು. ಆ 6 ಗ್ರಾಂ ಲೆಕ್ಕದಲ್ಲಿ 7 ಆಗುತ್ತದೆ. 17ಕ್ಕೆ 7 ಕೂಡಿಸಿದರೆ ಸರಿಯಾಗಿ 24. ಪದಾರ್ಥಗಳ ಪಟ್ಟಿಯಲ್ಲೂ ಮೂರನೇ ಹೆಸರೇ ಗ್ಲೈಸಿನ್. ನಮ್ಮಲ್ಲಿ ಜಾಸ್ತಿ ಇರುವುದನ್ನು ಮೊದಲು, ಕಡಿಮೆ ಇರುವುದನ್ನು ಆಮೇಲೆ ಬರೆಯಬೇಕು ಅನ್ನುವ ನಿಯಮ ಇದೆ. ಹಾಗಾಗಿ ಮೂರನೇ ಜಾಗ ಸಣ್ಣದಲ್ಲ. ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ಕೂತ. "ಅಂದ್ರೆ ಎಲ್ಲಾ ಡಬ್ಬದ ಮೇಲೇ ಬರ್ದಿತ್ತು" ಅಂದ. ಹೌದು, ಬರೆದಿತ್ತು.

ಈ ಲೆಕ್ಕಕ್ಕೂ ಒಂದು ಮಿತಿ ಇದೆ. ಗ್ಲೈಸಿನ್ ಬದಲು ಲ್ಯೂಸಿನ್ನನ್ನೇ ಬಿಡಿಯಾಗಿ ಸೇರಿಸಿದರೆ ಪಟ್ಟಿ ಚೆನ್ನಾಗೇ ಕಾಣುತ್ತದೆ. ಪಟ್ಟಿಯೇ ಸುಳ್ಳಾಗಿದ್ದರೆ ಅಂತೂ ಏನೂ ತಿಳಿಯುವುದಿಲ್ಲ. ಆಗ ಲ್ಯಾಬಿನಲ್ಲಿ ಬಿಡಿ ಅಮೈನೋ ಆಮ್ಲ ಎಷ್ಟು, ಪ್ರೋಟೀನಿನಲ್ಲಿ ಸರಪಣಿಯಾಗಿ ಸೇರಿಕೊಂಡಿರುವುದು ಎಷ್ಟು ಅಂತ ಬೇರೆ ಬೇರೆಯಾಗಿ ಅಳೆಯಬೇಕು. ಪುಡಿಗೆ ಅಯೋಡಿನ್ ಹಾಕಿ ನೋಡುವ ಮನೆಪರೀಕ್ಷೆಯ ವೀಡಿಯೊಗಳು ಬೇಕಾದಷ್ಟಿವೆ. ನೀಲಿ ಬಂದರೆ ಹಿಟ್ಟು ಬೆರೆತಿದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಗ್ಲೈಸಿನ್ನೂ ಸಕ್ಕರೆಯೂ ಅಯೋಡಿನ್‌ಗೆ ಬಣ್ಣ ಕೊಡುವುದಿಲ್ಲ.

ಲೇಬಲ್ ಮತ್ತು ಡಬ್ಬದ ಒಳಗಿನ ಮಾಲು ಎಷ್ಟು ದೂರ ಇರಬಹುದು ಅನ್ನುವುದಕ್ಕೆ ನಮ್ಮ ದೇಶದ್ದೇ ಒಂದು ಅಧ್ಯಯನ ಇದೆ. ಕೇರಳದ ಲಿವರ್ ತಜ್ಞ ಡಾ. ಸಿರಿಯಾಕ್ ಆಬಿ ಫಿಲಿಪ್ಸ್ ಮತ್ತು ಸಂಗಡಿಗರು ಇಲ್ಲಿ ಮಾರಾಟವಾಗುವ 36 ಪ್ರೋಟೀನ್ ಪೌಡರ್‌ಗಳನ್ನು ಲ್ಯಾಬಿಗೆ ಕೊಟ್ಟು ನೋಡಿ, 2024ರಲ್ಲಿ 'ಮೆಡಿಸಿನ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು 70 ಶೇಕಡಾ ಡಬ್ಬಗಳಲ್ಲಿ ಬರೆದ ಪ್ರೋಟೀನಿಗೂ ಸಿಕ್ಕ ಪ್ರೋಟೀನಿಗೂ ತಾಳೆಯಾಗಲಿಲ್ಲ. ಕೆಲವದರಲ್ಲಿ ಕೊರತೆ ಸಣ್ಣದು, ಕೆಲವದರಲ್ಲಿ ಅರ್ಧಕ್ಕಿಂತ ಹೆಚ್ಚು. 5 ಮಾದರಿಗಳಲ್ಲಿ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ ಇತ್ತು. 36 ಅನ್ನುವುದು ದೊಡ್ಡ ಸಂಖ್ಯೆ ಅಲ್ಲ, ನಿಜ. ಒಂದು ಕಂಪನಿಯ ಎಲ್ಲ ಬ್ಯಾಚುಗಳ ಬಗ್ಗೆ ಇದರಿಂದ ತೀರ್ಪು ಕೊಡಲಾಗದು. ಆದರೆ ಹತ್ತರಲ್ಲಿ ಏಳು ತಪ್ಪಿದೆ ಅಂದರೆ ಮುಂದಿನ ಡಬ್ಬ ಕೊಳ್ಳುವಾಗ ಸಾಕ್ಷಿ ಕೇಳುವುದು ನ್ಯಾಯವೇ.

ಯಾವ ಸಾಕ್ಷಿ? ಅಂಗಡಿಯವರು ಮೊದಲು ತೋರಿಸುವುದು ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿಯ ಸಂಖ್ಯೆ. ಅದು ಇರಲೇಬೇಕು, ಇಲ್ಲದ್ದನ್ನು ಮುಟ್ಟಬೇಡಿ. ಆದರೆ ಅದು ತಯಾರಿಸುವವರಿಗೋ ಮಾರುವವರಿಗೋ ಕೊಟ್ಟ ಪರವಾನಗಿ. ನಿಮ್ಮ ಕೈಯಲ್ಲಿರುವ ಬ್ಯಾಚನ್ನು ಸರ್ಕಾರ ಪರೀಕ್ಷಿಸಿ ಒಪ್ಪಿದೆ ಅಂತ ಅದರ ಅರ್ಥ ಅಲ್ಲ. ಹೋಟೆಲಿಗೆ ಲೈಸೆನ್ಸ್ ಇದೆ ಅಂದಮಾತ್ರಕ್ಕೆ ಇವತ್ತಿನ ಸಾಂಬಾರ್ ಹಳಸಿಲ್ಲ ಅಂತ ಹೇಳಲು ಆಗುತ್ತದಾ?

ಆಮೇಲೆ "ಲ್ಯಾಬ್ ಟೆಸ್ಟೆಡ್" ಅನ್ನುವ ಮಾತು. ಡಬ್ಬದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಒಂದು ವರದಿ ತೆರೆಯುತ್ತದೆ. ಇಂಥ ವರದಿಗಳನ್ನು ಬರೆದು ಸಹಿ ಹಾಕಿ ಕಳಿಸಿದವನು ನಾನು, ಹಾಗಾಗಿ ಎಲ್ಲಿ ನೋಡಬೇಕು ಅಂತ ಹೇಳಬಲ್ಲೆ. ಮೊದಲು ಬ್ಯಾಚ್ ನಂಬರ್. ವರದಿಯಲ್ಲಿರುವುದು ಮತ್ತು ನಿಮ್ಮ ಡಬ್ಬದ ತಳದಲ್ಲಿ ಅಚ್ಚಾಗಿರುವುದು ಒಂದೇ ಆಗಿರಬೇಕು. ಅಕ್ಕನ ಮಗನ ಡಬ್ಬದ ಕೋಡ್ ಎರಡು ವರ್ಷ ಹಳೆಯ ಬ್ಯಾಚಿನ ವರದಿ ತೋರಿಸಿತು, ಅದರಿಂದ ಅವನಿಗೆ ಏನೂ ಉಪಯೋಗವಿಲ್ಲ. ಎರಡನೆಯದು, ಮಾದರಿ ಕೊಟ್ಟವರು ಯಾರು. ಬಹುತೇಕ ವರದಿಗಳ ಕೆಳಗೆ "ಗ್ರಾಹಕರು ಕೊಟ್ಟ ಮಾದರಿಗೆ ಮಾತ್ರ ಈ ಫಲಿತಾಂಶ ಅನ್ವಯ" ಎಂಬ ಅರ್ಥದ ಸಾಲು ಇರುತ್ತದೆ. ಇಲ್ಲಿ ಗ್ರಾಹಕ ಅಂದರೆ ನೀವಲ್ಲ, ಕಂಪನಿ. ಅವರು ಆರಿಸಿ ಕಳಿಸಿದ ಪೊಟ್ಟಣವನ್ನು ಲ್ಯಾಬ್ ಪ್ರಾಮಾಣಿಕವಾಗಿಯೇ ಅಳೆದಿರುತ್ತದೆ. ಅಂಗಡಿಯಿಂದ ಯಾರೋ ಹೊರಗಿನವರು ಗುಟ್ಟಾಗಿ ಕೊಂಡು ಕಳಿಸಿದ ಮಾದರಿಯ ಬೆಲೆಯೇ ಬೇರೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಏನನ್ನು ಅಳೆದರು? ಬರೀ "ಪ್ರೋಟೀನ್, ನೈಟ್ರೋಜನ್ × 6.25" ಅಂತ ಒಂದು ಸಾಲಿದ್ದರೆ ಸ್ಪೈಕಿಂಗ್ ಆಗಿದೆಯೋ ಇಲ್ಲವೋ ಅದರಿಂದ ತಿಳಿಯದು. ಅಮೈನೋ ಆಮ್ಲಗಳ ವಿವರ, ಸೀಸ ಕ್ಯಾಡ್ಮಿಯಂನಂಥ ಭಾರ ಲೋಹಗಳು, ಅಫ್ಲಾಟಾಕ್ಸಿನ್ ಇವೂ ಇರಬೇಕು. ವಿದೇಶಿ ಮುದ್ರೆಗಳಿಗೂ ಇದೇ ಮಾತು. ಇನ್‌ಫಾರ್ಮ್ಡ್ ಸ್ಪೋರ್ಟ್ ಮುದ್ರೆ ಬಿದ್ದ ಡಬ್ಬದ ಪ್ರತಿ ಬ್ಯಾಚನ್ನೂ ಕ್ರೀಡೆಯಲ್ಲಿ ನಿಷೇಧಿಸಿದ ಮದ್ದುಗಳಿಗಾಗಿ ನೋಡಿರುತ್ತಾರೆ. ಡೋಪಿಂಗ್ ಪರೀಕ್ಷೆ ಎದುರಿಸುವ ಕ್ರೀಡಾಪಟುವಿಗೆ ಅದು ದೊಡ್ಡ ರಕ್ಷಣೆ. ಆದರೆ 24 ಗ್ರಾಂ ನಿಜವಾ ಅನ್ನುವ ಪ್ರಶ್ನೆಗೆ ಆ ಮುದ್ರೆ ಉತ್ತರ ಕೊಡುವುದಿಲ್ಲ. ಎನ್‌ಎಸ್‌ಎಫ್‌ನ ಸರ್ಟಿಫೈಡ್ ಫಾರ್ ಸ್ಪೋರ್ಟ್ ಮುದ್ರೆಗೆ ಲೇಬಲ್ಲಿನ ಪ್ರಮಾಣವನ್ನೂ ತಾಳೆ ನೋಡುತ್ತಾರೆ.

ಇಷ್ಟೆಲ್ಲ ಆದ ಮೇಲೆ ಅವನು ಕೇಳಿದ, "ಹಂಗಾದ್ರೆ ಯಾವ್ದು ತಗೊಳ್ಲಿ ಮಾಮ?" ನಾನು ಅವನ ಊಟದ ಲೆಕ್ಕ ಕೇಳಿದೆ.

ಅವನ ತೂಕ 62 ಕೆಜಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು ಪ್ರಕಾರ ವಯಸ್ಕರಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಇವನಿಗೆ 51 ಗ್ರಾಂ ಆಯಿತು. ನಮ್ಮ ಊಟದಲ್ಲಿ ಅಕ್ಕಿ, ಜೋಳವೇ ಜಾಸ್ತಿ, ಅವುಗಳ ಪ್ರೋಟೀನ್ ಸ್ವಲ್ಪ ಕಳಪೆ. ಹಾಗಾಗಿ ಕೆಜಿಗೆ ಒಂದು ಗ್ರಾಂ ಅಂತ ಹಿಡಿದರೆ 62. ಭಾರ ಎತ್ತುವವರಿಗೆ ಇನ್ನೂ ಬೇಕು. ಅದಕ್ಕೂ ಒಂದು ಮೇಲ್ಮಿತಿ ಇದೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯೊಂದರಲ್ಲಿ ಕೆಜಿಗೆ 1.6 ಗ್ರಾಂ ದಾಟಿದ ಮೇಲೆ ಸ್ನಾಯುವಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಇವನಿಗೆ ಅದು 99 ಗ್ರಾಂ.

ಈಗ ತಟ್ಟೆ. ದಿನಕ್ಕೆ 150 ಗ್ರಾಂ ಅಕ್ಕಿಯಿಂದ 11 ಗ್ರಾಂ. ಅಷ್ಟೇ ಜೋಳದ ಹಿಟ್ಟಿನ ರೊಟ್ಟಿಯಿಂದ 15. ಸಾರಿಗೆ ಹಾಕುವ ಬೇಳೆ ಅವನ ಪಾಲಿಗೆ 40 ಗ್ರಾಂ, ಅದರಿಂದ 9. ಹಾಲು ಮೊಸರು ಸೇರಿ 400 ಮಿಲಿ, 13. ಎರಡು ಮೊಟ್ಟೆ, 12. ಒಟ್ಟು 60. ಅಂದರೆ ಜಿಮ್ ಇಲ್ಲದಿದ್ದರೆ ಈ ಊಟವೇ ಹೆಚ್ಚುಕಡಿಮೆ ಸಾಕಿತ್ತು. ಜಿಮ್‌ಗಾಗಿ ಕೊರತೆ 39 ಗ್ರಾಂ. 50 ಗ್ರಾಂ ಸೋಯಾ ಚಂಕ್ಸ್ ಪಲ್ಯಕ್ಕೆ ಹಾಕಿದರೆ 26, ಒಂದು ಹಿಡಿ ಹುರಿದ ಶೇಂಗಾ 7, ಇನ್ನೊಂದು ಮೊಟ್ಟೆ 6. ಕೂಡಿದರೆ 39.

ದುಡ್ಡಿನ ಲೆಕ್ಕವನ್ನೂ ಬರೆದೆವು. ಅವನ ಡಬ್ಬದಲ್ಲಿ ನಿಜವಾದ ಪ್ರೋಟೀನ್ ಕೆಜಿಗೆ ಸುಮಾರು 475 ಗ್ರಾಂ. ಗ್ರಾಂ ಒಂದಕ್ಕೆ 5 ರೂಪಾಯಿ ಬಿತ್ತು. ಮೊಟ್ಟೆ 7 ರೂಪಾಯಿ ಅಂದುಕೊಂಡರೆ ಗ್ರಾಂಗೆ 1 ರೂಪಾಯಿ 20 ಪೈಸೆ ಆಸುಪಾಸು. ಸೋಯಾ 200 ಗ್ರಾಂ ಪೊಟ್ಟಣಕ್ಕೆ 50 ರೂಪಾಯಿ ಆದರೆ ಗ್ರಾಂಗೆ 50 ಪೈಸೆ.

ಪೌಡರ್ ಯಾರಿಗೂ ಬೇಡ ಅಂತ ನಾನು ಹೇಳುತ್ತಿಲ್ಲ. ಊಟ ಸೇರದ ವಯಸ್ಸಾದವರಿಗೆ, ಆಪರೇಷನ್ ಆಗಿ ಅಗಿಯಲು ಆಗದವರಿಗೆ ವೈದ್ಯರು ಬರೆದುಕೊಟ್ಟರೆ ಅದು ನಿಜಕ್ಕೂ ಆಸರೆ. ಕಿಡ್ನಿ ತೊಂದರೆ ಇರುವವರು ಮಾತ್ರ ಕೇಳದೆ ಮುಟ್ಟಬಾರದು. ಹಾಸ್ಟೆಲಿನಲ್ಲಿದ್ದು ಬೆಳಗ್ಗೆ ಏನೂ ಸಿಗದ ಹುಡುಗನಿಗೆ ಒಂದು ಪ್ರಾಮಾಣಿಕ ಸ್ಕೂಪ್ ಅನುಕೂಲವೇ. ಆದರೆ ಅಮ್ಮನ ಕೈಯಡುಗೆ ಇರುವ ಮನೆಯಲ್ಲಿ ಒಂದು ಹಿಡಿ ಶೇಂಗಾ ಮಾಡುವ ಕೆಲಸಕ್ಕೆ 2,400 ಕೊಡುವುದು ನನಗೆ ಸರಿ ಕಾಣಲಿಲ್ಲ.

ನಾವು ಇಷ್ಟು ಮಾತಾಡುವಾಗ ಅಕ್ಕ ಒಳಗಿನಿಂದ ಎರಡು ಬಾಟಲಿ ತಂದು ಇಟ್ಟಳು. "ಇದನ್ನೂ ನೋಡಪ್ಪಾ" ಅಂದಳು. ಒಂದು ಕೂದಲು ಉದುರುವುದಕ್ಕೆ ಅಂತ ತೆಗೆದುಕೊಳ್ಳುವ ಬಯೋಟಿನ್, 10,000 ಮೈಕ್ರೋಗ್ರಾಂ. ಇನ್ನೊಂದು ಬಿ12 ಮಾತ್ರೆ, 1,500 ಮೈಕ್ರೋಗ್ರಾಂ. ಎರಡರಲ್ಲೂ ದಿನದ ಅಗತ್ಯಕ್ಕಿಂತ ನೂರಾರು ಪಟ್ಟು ಇದೆ. ಮೇಲ್ನೋಟಕ್ಕೆ ಎರಡೂ ಒಂದೇ ಥರದ ಅತಿರೇಕ ಅನಿಸುತ್ತದೆ, ಆದರೆ ಅಲ್ಲ.

ಬಿ12 ಹೀರಿಕೊಳ್ಳಲು ಹೊಟ್ಟೆಯಲ್ಲಿ ಒಂದು ವಾಹಕ ಪ್ರೋಟೀನ್ ಬೇಕು. ಅದು ಒಂದು ಸಲಕ್ಕೆ ಒಂದೂವರೆ ಎರಡು ಮೈಕ್ರೋಗ್ರಾಂ ಮಾತ್ರ ಹೊರುತ್ತದೆ. ಉಳಿದದ್ದರಲ್ಲಿ ಸುಮಾರು ಒಂದು ಶೇಕಡಾ ತಾನಾಗಿ ಒಳಗೆ ಸೋರುತ್ತದೆ. ಅಂದರೆ 1,500ರ ಮಾತ್ರೆಯಿಂದ ದೇಹಕ್ಕೆ ಸೇರುವುದು ಬರೀ 17ರಷ್ಟು. ಅಕ್ಕ ಮೊಟ್ಟೆ ಮಾಂಸ ತಿನ್ನುವವಳಲ್ಲ, ಹಾಲು ಮೊಸರೂ ಕಡಿಮೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾಳೆ, ಅದು ಬಿ12 ಹೀರುವುದನ್ನು ಇನ್ನೂ ತಗ್ಗಿಸುತ್ತದೆ. ಕಾಲು ಜುಮ್ಮೆನ್ನುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆ ಅಂತ ಬಂದ ಮೇಲೆ ಡಾಕ್ಟರೇ ಬರೆದುಕೊಟ್ಟದ್ದು. ಅವಳಿಗೆ ಅದು ಬೇಕೇ ಬೇಕು. ಆ ಬಿ12 ಬಾಟಲಿಯ ಹಿಂದೆ ಔಷಧಿ ತಯಾರಿಕೆಯ ಲೈಸೆನ್ಸ್ ನಂಬರ್ ಇತ್ತು, ಅಂದರೆ ಔಷಧಿಗೆ ಇರುವ ನಿಯಮದಡಿ ತಯಾರಾದದ್ದು. ಬಯೋಟಿನ್ ಬಾಟಲಿಯ ಮೇಲೆ ಇದ್ದದ್ದು ಎಫ್‌ಎಸ್‌ಎಸ್‌ಎಐ ಸಂಖ್ಯೆ, ಅಂದರೆ ಕಾನೂನಿನ ಕಣ್ಣಲ್ಲಿ ಅದು ಆಹಾರ. ಮೆಡಿಕಲ್ ಶಾಪಿನಲ್ಲಿ ಎರಡೂ ಒಂದೇ ಕಪಾಟಿನಲ್ಲಿ ಕೂತಿರುತ್ತವೆ, ಹಾಗಾಗಿ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಬಯೋಟಿನ್ ಕೊರತೆ ಬಹಳ ಅಪರೂಪ. ದಿನಕ್ಕೆ 30–40 ಮೈಕ್ರೋಗ್ರಾಂ ಸಾಕು, ಅದು ಕಾಳು, ಶೇಂಗಾ, ಹಾಲಿನಲ್ಲೇ ಬರುತ್ತದೆ. ಕೊರತೆ ಇಲ್ಲದವರ ಕೂದಲಿಗೆ ಅದರಿಂದ ಲಾಭ ಅನ್ನಲು ಗಟ್ಟಿ ಆಧಾರ ಇಲ್ಲ. ಹೋಗಲಿ ಬಿಡಿ, ನಷ್ಟ ಏನು ಅನ್ನಬಹುದು. ಅಕ್ಕನಿಗೆ ನಷ್ಟವೇ ಆಗಿತ್ತು. ಆರು ವಾರದ ಹಿಂದೆ ಥೈರಾಯ್ಡ್ ಪರೀಕ್ಷೆ ಮಾಡಿಸಿದಾಗ ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಹಾರ್ಮೋನ್ ತೀರಾ ಕಡಿಮೆ, ಥೈರಾಯ್ಡ್ ಸುರಿಸುವ ಟಿ4 ಹಾರ್ಮೋನ್ ಜಾಸ್ತಿ ಅಂತ ವರದಿ ಬಂದಿತ್ತು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಅಂತ ಮನೆಮಂದಿಯೆಲ್ಲ ಹೆದರಿದ್ದರು. ಅವಳಿಗೆ ಎದೆ ಡವಗುಟ್ಟುವುದಾಗಲಿ, ತೂಕ ಇಳಿಯುವುದಾಗಲಿ ಏನೂ ಇರಲಿಲ್ಲ.

ಅನೇಕ ಲ್ಯಾಬುಗಳ ಹಾರ್ಮೋನ್ ಪರೀಕ್ಷೆಯಲ್ಲಿ ಬಯೋಟಿನ್ನನ್ನೇ ಅಂಟಿನ ಹಾಗೆ ಬಳಸುತ್ತಾರೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಆ ಅಂಟು ಹಿಡಿಯಬೇಕಾದ ಜಾಗವನ್ನೆಲ್ಲ ಅದೇ ಆಕ್ರಮಿಸುತ್ತದೆ. ಆಗ ಟಿಎಸ್‌ಎಚ್ ಸುಳ್ಳೇ ಕಡಿಮೆಯಾಗಿ, ಟಿ4 ಸುಳ್ಳೇ ಜಾಸ್ತಿಯಾಗಿ ಕಾಣುತ್ತದೆ. ಎದೆನೋವು ಬಂದಾಗ ನೋಡುವ ಟ್ರೋಪೋನಿನ್ ಪರೀಕ್ಷೆಯಲ್ಲೂ ಹೀಗೆ ಫಲಿತಾಂಶ ತಗ್ಗಿ ಹೃದಯಾಘಾತ ತಪ್ಪಿಹೋಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿತ್ತು. ಬಾಟಲಿಯ ಲೇಬಲ್ಲಿನಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ರಕ್ತ ತೆಗೆದುಕೊಂಡವರೂ ಏನು ಮಾತ್ರೆ ತಿನ್ನುತ್ತೀರಿ ಅಂತ ಕೇಳಿರಲಿಲ್ಲ. ಇದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಬೇಕು ಅನ್ನುವುದು ಥೈರಾಯ್ಡ್ ತಜ್ಞರ ಸಲಹೆ. ಅಕ್ಕ ಡಾಕ್ಟರ್‌ಗೆ ಫೋನ್ ಮಾಡಿ ಹೇಳಿ, ಒಂದು ವಾರ ಬಿಟ್ಟು, ಅದೇ ಲ್ಯಾಬಿನಲ್ಲಿ ಮತ್ತೆ ರಕ್ತ ಕೊಟ್ಟಳು. ಮರುದಿನ ಸಂಜೆ ಅವಳ ಮಗ ವಾಟ್ಸ್ಆ್ಯಪ್‌ನಲ್ಲಿ ವರದಿ ಕಳಿಸಿದ. ಟಿಎಸ್‌ಎಚ್ 2.1, ಟಿ4 ನಾರ್ಮಲ್. ಕೆಳಗೆ ಇನ್ನೊಂದು ಫೋಟೊ ಇತ್ತು: ಕಪ್ಪು ಡಬ್ಬವನ್ನು ತೊಳೆದು, ಅದರಲ್ಲಿ ಶೇಂಗಾ ತುಂಬಿಟ್ಟಿದ್ದರು.